ದುರ್ಗೇಶನ ಕೈ ಮೇಲಿನ ತೊಟ್ಟಿಲು

ಮುನಿರಾಜಪ್ಪ, ಈ ವಾಯ್ಸ್ ನೋಟು ಮುಖ್ಯವಾಗಿ ನಿನಗೇ. ಹೋದ ಸಲ ನಾನು ಕತೆ ಹೇಳಿದಾಗ ‘ಮುನಿಶಾಮಿಗೆ ವಯಸ್ಸಾಯ್ತು, ಯಾರದೋ ಮದುವೆಗೆ ಯಾರನ್ನೋ ಕೂರಿಸ್ತಾನೆ’ ಎಂದು ನನ್ನ ಬಗ್ಗೆ ನಮ್ಮ ಹಳೇ ಫೋಟೊ ಸ್ಟುಡಿಯೊದವರ ಗ್ರೂಪಿನಲ್ಲಿ ಬರೆದವನು ನೀನೇ. ಅದಕ್ಕೆ ಹಲ್ಲು ಕಿಸಿಯುವ ಮುಖ ಹಾಕಿದವರೂ ನನಗೆ ಗೊತ್ತು. ಶಿವಾಜಿನಗರದ ಸ್ಟುಡಿಯೊದಲ್ಲಿ ನೀನು ಡಾರ್ಕ್‌ರೂಮಿನ ಬಾಗಿಲು ತೆಗೆದು ಒಂದು ಇಡೀ ಮದುವೆಯ ಫಿಲ್ಮ್ ಹಾಳು ಮಾಡಿದೆಯಲ್ಲ, ಆ ಮದುಮಗಳ ಸೀರೆಯ ಅಂಚು ಯಾವ ಬಣ್ಣದ್ದೆಂದು ಹೇಳಲೇ? ಬೇಡ ತಾನೆ? ಹಾಗಾದರೆ ಬಾಯಿ ಮುಚ್ಚಿಕೊಂಡು ಕೇಳು. ಇದು ಹಳೆಯ ಕತೆಯೂ ಅಲ್ಲ. ಈ ವರ್ಷದ್ದೇ. ಫೋಟೊಗಳು ನನ್ನ ಫೋನಿನಲ್ಲೇ ಇವೆ.

ನನ್ನ ಮಗಳ ಮಗಳು ತೇಜಶ್ರೀ ನಿಮಗೆಲ್ಲ ಗೊತ್ತು. ಹಲಸೂರಿನ ನಮ್ಮ ಮನೆಯಲ್ಲೇ ಬೆಳೆದವಳು. ಗೋಡೆ ಸಿಕ್ಕರೆ ಗೋಡೆ, ಕ್ಯಾಲೆಂಡರಿನ ಹಿಂಬದಿ ಸಿಕ್ಕರೆ ಅದು, ಎಲ್ಲಿ ಬೇಕಾದರೂ ಬರೆಯುತ್ತಿದ್ದಳು. ಈಗ ಇಂದಿರಾನಗರದ ಒಂದು ಟ್ಯಾಟೂ ಸ್ಟುಡಿಯೊದಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಕಲಿಯುತ್ತಿದ್ದಾಳೆ ಅಂದರೆ ಮೊದಮೊದಲು ನೆಲ ಒರೆಸಿದಳು, ಆಮೇಲೆ ಹಂದಿಯ ಚರ್ಮದ ಮೇಲೆ ಗೆರೆ ಎಳೆದಳು, ಆಮೇಲೆ ತನ್ನದೇ ತೊಡೆಯ ಮೇಲೆ ಎಳೆದುಕೊಂಡಳು. ನನ್ನ ಹೆಂಡತಿ ವೆಂಕಟಮ್ಮ ಅದನ್ನು ನೋಡಿ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದಳು.

ಆ ಸ್ಟುಡಿಯೊದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಕುರ್ಚಿ ಸಿಕ್ಕರೆ ತನ್ನದೇ ಗಿರಾಕಿಗಳು, ತನ್ನದೇ ಹೆಸರು. ಸಿಗದಿದ್ದರೆ ಇನ್ನೊಂದು ವರ್ಷ ಬೇರೆಯವರ ಸೂಜಿ ಜೋಡಿಸಿ ಕೊಡುವುದು. ಮೈಸೂರಿನ ಕಡೆಯಿಂದ ಬಂದ ಒಬ್ಬ ಹುಡುಗನೂ ಅದೇ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ. ಸ್ಟುಡಿಯೊ ನಡೆಸುವ ಪ್ರಿಯದರ್ಶಿನಿ ಕುಕ್ ಟೌನಿನ ಹೆಂಗಸು. ಕೂದಲು ಗಂಡಸರ ಹಾಗೆ, ಮಾತು ಕತ್ತರಿಯ ಹಾಗೆ. ಅವಳದ್ದು ಒಂದೇ ನಿಯಮ. ಸೂಜಿ ತೆಗೆದ ಕೂಡಲೇ ಹಿಡಿದ ಫೋಟೊವನ್ನು ಅವಳು ಲೆಕ್ಕಕ್ಕೇ ಇಡುವುದಿಲ್ಲ.

‘ಫ್ರೆಶ್ ಫೋಟೊದಲ್ಲಿ ಎಲ್ಲರೂ ಆರ್ಟಿಸ್ಟೇ ಕಣೇ,’ ಎಂದಿದ್ದಳಂತೆ. ‘ಚರ್ಮ ವಾಸಿಯಾದ್ಮೇಲೆ ಏನುಳಿಯುತ್ತೆ ಅದನ್ನ ತೋರ್ಸು. ಬರೀ ಲೈನ್ ಇರೋ ಒಂದು ಕೆಲಸ. ಮೊದ್ಲನೇ ದಿನದಿಂದ ಪೂರ್ತಿ ಹೀಲ್ ಆಗೋ ತನಕ, ಎಲ್ಲಾ ಫೋಟೊ. ನಡುವೆ ಟಚಪ್ ಮಾಡಂಗಿಲ್ಲ.’

ಆ ಮಾತು ಕೇಳಿದ ದಿನವೇ ನನಗೆ ಆ ಹೆಂಗಸಿನ ಮೇಲೆ ಗೌರವ ಬಂತು. ನಾವು ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ತಿದ್ದಿ ಎಷ್ಟು ಮೊಡವೆ ಅಳಿಸಿದ್ದೇವೆ, ಎಷ್ಟು ಮೂಗು ನೆಟ್ಟಗೆ ಮಾಡಿದ್ದೇವೆ! ಫೋಟೊ ಎಷ್ಟು ಸುಳ್ಳು ಹೇಳಬಲ್ಲದು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತೇಜಶ್ರೀ ಆರಿಸಿಕೊಂಡಿದ್ದು ದುರ್ಗೇಶನ ಕೈಯನ್ನು. ದುರ್ಗೇಶ ರಾಯಚೂರು ಕಡೆಯವನು. ಗರುಡಾಚಾರ್‌ಪಾಳ್ಯದ ಒಂದು ಫ್ಯಾಕ್ಟರಿಗೆ ಟೆಂಪೊ ಓಡಿಸುತ್ತಾನೆ. ತಾಯಿ ಅಯ್ಯಮ್ಮನ ಜೊತೆ ರಾಮಮೂರ್ತಿ ನಗರದಲ್ಲಿ ಒಂದು ಬಾಡಿಗೆ ರೂಮು. ಅಯ್ಯಮ್ಮನ ಮುಂಗೈ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆಯಿತ್ತು, ಒಂದು ತೊಟ್ಟಿಲು. ಎರಡು ಉದ್ದನೆಯ ಸರಪಳಿಗಳಲ್ಲಿ ತೂಗುಹಾಕಿದ ತೊಟ್ಟಿಲು, ಸುತ್ತ ಚುಕ್ಕಿಗಳು. ವಯಸ್ಸಾಗಿ ಅದು ಹಸಿರಾಗಿ ಹರಡಿಕೊಂಡು, ತೊಟ್ಟಿಲು ಯಾವುದು, ಸರಪಳಿ ಯಾವುದು ಎಂದು ಹೇಳಿದರೆ ಮಾತ್ರ ತಿಳಿಯುವಂತಿತ್ತು. ಅದೇ ತೊಟ್ಟಿಲು ತನ್ನ ಕೈ ಮೇಲೂ ಬೇಕು ಎಂದು ಬಂದಿದ್ದ ಹುಡುಗ.

‘ಅವ್ವನ ಕೈಯಾಗ ಇರೋದು ಅಳಿಸಿ ಹೋಗೂದ್ರಾಗ ನನ್ನ ಕೈಗೆ ಬರ್ಲಿ ಅಕ್ಕಾರ,’ ಎಂದಿದ್ದನಂತೆ.

ತೇಜಶ್ರೀ ಅಯ್ಯಮ್ಮನ ಕೈಯನ್ನು ಕಿಟಕಿಯ ಬೆಳಕಿನಲ್ಲಿ ಇಟ್ಟುಕೊಂಡು ಗಂಟೆಗಟ್ಟಲೆ ನೋಡಿ, ಹರಡಿದ ಗೆರೆಗಳ ನಡುವಿನ ಮೂಲ ಗೆರೆಯನ್ನು ಹುಡುಕಿ ಬರೆದುಕೊಂಡಳು. ಆ ಸರಪಳಿಗಳು ಇವೆಯಲ್ಲ, ಅವು ಮೇಲಿನಿಂದ ಕೆಳಗೆ ಕೈ ಎತ್ತದೆ ಎಳೆಯಬೇಕಾದ ಗೆರೆಗಳು. ಸ್ವಲ್ಪ ಆಳಕ್ಕೆ ಹೋದರೆ ಬಣ್ಣ ಚರ್ಮದ ಒಳಗೆ ಹರಡಿ ಗೆರೆಯ ಸುತ್ತ ನೀಲಿ ನೆರಳು ಕೂರುತ್ತದೆ. ಅದಕ್ಕೆ ಬ್ಲೋಔಟ್ ಎನ್ನುತ್ತಾರೆ, ಅದು ಹೋಗುವುದಿಲ್ಲ. ತೀರಾ ಮೇಲೆ ಮೇಲೆ ಎಳೆದರೆ ಚರ್ಮ ಉದುರುವಾಗ ಬಣ್ಣವೂ ಉದುರಿ ಗೆರೆ ತುಂಡಾಗುತ್ತದೆ. ಅದು ಫಾಲ್‌ಔಟ್. ಈ ಎರಡರ ನಡುವೆ ಕೂದಲೆಳೆಯಷ್ಟು ಜಾಗ.

ಕೆಲಸ ಮುಗಿದ ದಿನದ ಫೋಟೊ ನೋಡಿ ನಾನೇ ‘ಶಭಾಷ್’ ಎಂದೆ. ಗೆರೆ ಕಪ್ಪಗೆ, ಚೂಪಾಗಿ, ದಾರ ಕಟ್ಟಿದ ಹಾಗೆ. ಸುತ್ತ ಸ್ವಲ್ಪ ಊದಿತ್ತು, ಅದು ಸಹಜ. ಸೌಮ್ಯವಾದ ಸೋಪಿನಿಂದ ತೊಳೆ, ಒತ್ತಿ ಒರೆಸು, ಕ್ರೀಮು ತೆಳ್ಳಗೆ ಹಚ್ಚು, ಕೆರೆಯಬೇಡ, ಬೆಳಿಗ್ಗೆ ಬೆಳಿಗ್ಗೆ ಫೋಟೊ ಕಳಿಸು ಎಂದು ತೇಜಶ್ರೀ ದುರ್ಗೇಶನಿಗೆ ಹೇಳಿ ಕಳಿಸಿದಳು.

ಮೊದಲ ಫೋಟೊಗಳು ಚೆನ್ನಾಗಿ ಬಂದವು. ಆಮೇಲೆ ಒಂದು ಸಂಜೆ ತೇಜಶ್ರೀ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಫೋನು ನನ್ನ ಮುಖಕ್ಕೆ ಹಿಡಿದಳು.

‘ತಾತ, ಇದನ್ನ ನೋಡು.’

ನೋಡಿದೆ. ತೊಟ್ಟಿಲಿನ ಮೇಲೆ, ಸರಪಳಿಯ ಮೇಲೆ, ಎಲ್ಲೆಲ್ಲೂ ಹಳದಿ. ದಪ್ಪಗೆ, ಅಂಟಂಟಾಗಿ, ಬಿರುಕು ಬಿಟ್ಟ ಹಳದಿ.

‘ಕೀವು ಕಣೇ!’ ಎಂದೆ. ‘ಮೊದ್ಲು ಆಸ್ಪತ್ರೆಗೆ ಹೋಗು ಅನ್ನು ಅವನಿಗೆ!’

‘ಕಿರುಚ್ಬೇಡ ತಾತ. ಅಜ್ಜಿಗೆ ಕೇಳ್ಸುತ್ತೆ.’

ಅಡುಗೆಮನೆಯಿಂದ ವೆಂಕಟಮ್ಮ, ‘ಕೇಳಿಸ್ತು ಬಿಡು,’ ಎಂದಳು. ‘ಯಾರ್ ಮೈ ಕೊಳೀತು ಈಗ?’

ತೇಜಶ್ರೀ ಫೋಟೊವನ್ನು ದೊಡ್ಡದು ಮಾಡಿ ಮೂಲೆಗೆ ಸರಿಸಿದಳು. ಅಲ್ಲಿ ದುರ್ಗೇಶನ ಹೆಬ್ಬೆರಳ ಉಗುರು ಕಂಡಿತು. ಅದೂ ಹಳದಿ. ಕೈಯಡಿಯ ಚಾದರದ ಮೇಲೂ ಒಂದು ಹಳದಿ ಬೆರಳಚ್ಚು.

‘ಕೀವು ಉಗುರಿಗೆ ಬಣ್ಣ ಹಾಕ್ತದಾ ತಾತ?’

ಫೋನ್ ಮಾಡಿದಳು. ಎತ್ತಿಕೊಂಡಿದ್ದು ಅಯ್ಯಮ್ಮ.

‘ಅವ ಗಾಡಿ ತೊಳ್ಯಾಕ ಹೋಗ್ಯಾನ ಯವ್ವಾ. ಯಾಕ, ಏನಾತು?’

‘ಅಮ್ಮ, ಕೈ ಮೇಲೆ ಹಳದಿ ಏನದು?’

‘ಅರಿಷಿಣ ಎಣ್ಣಿ ಹಚ್ಚೀನವ್ವಾ! ನಂಗ ಹಚ್ಚಿ ಹಾಕಿದಾಗ ನಮ್ಮವ್ವ ಹಿಂಗ ಹಚ್ಚಿದ್ಲು. ನೀ ಕೊಟ್ಟಿದ್ದ ಕಿರೀಮು ನೀರಿನಂಗ ಐತಿ, ಅದ್ರಾಗ ಏನೂ ಜೀವ ಇಲ್ಲ. ಕೊಬ್ರಿ ಎಣ್ಯಾಗ ಅರಿಷಿಣ ಕಲಿಸಿ ಮುಂಜಾನಿ, ಸಂಜಿ, ಎರಡೂ ಹೊತ್ತು ಬಡ್ದೀನಿ ನೋಡು.’

ನಾನು ನಕ್ಕುಬಿಟ್ಟೆ. ಕೀವಲ್ಲ, ಸಾರಿಗೆ ಹಾಕುವ ಅರಿಶಿನ! ವೆಂಕಟಮ್ಮನೂ ಬಾಗಿಲಿಗೆ ಬಂದು, ‘ಸರಿಯಾಗೇ ಮಾಡವ್ಳೆ ಆಯಮ್ಮ. ನಂಗೂ ಹಂಗೇ ಹಚ್ಚಿದ್ರು,’ ಎಂದು ತನ್ನ ಮೊಣಕೈ ಹತ್ತಿರದ ಹಸಿರು ಚುಕ್ಕಿಗಳನ್ನು ತೋರಿಸಿದಳು.

ನಗದೆ ಇದ್ದವಳು ತೇಜಶ್ರೀ ಒಬ್ಬಳೇ.

‘ಅಮ್ಮ, ನೀವು ಹಚ್ಚಿದ್ದು ಪ್ರೀತಿಯಿಂದಾನೇ. ಆದ್ರೆ ಚರ್ಮ ಇನ್ನೂ ಬಾಯಿ ಬಿಟ್ಕೊಂಡಿದೆ. ಡಬ್ಬದಲ್ಲಿರೋ ಅರಿಶಿನದಲ್ಲಿ ಏನೇನಿರುತ್ತೋ. ಎಣ್ಣೆ ದಪ್ಪಗೆ ಹಚ್ಚಿದ್ರೆ ಉಸಿರಾಡಕ್ಕೂ ಜಾಗ ಇರಲ್ಲ. ಈಗ ಮೆತ್ತಗೆ ತೊಳೆದು, ನಾಳೆ ಬೆಳಿಗ್ಗೆ ಬಾಗ್ಲು ಹತ್ರ ನಿಂತು ಫೋಟೊ ತೆಗ್ಸಿ. ಲೈಟ್ ಹಾಕ್ಬೇಡಿ.’

‘ಅರಿಷಿಣ ಹಚ್ಚಿದ್ರ ಕೆಡತೈತಂತ ಯಾರೂ ಹೇಳಿದ್ದಿಲ್ಲ ತಾಯಿ,’ ಎಂದು ಅಯ್ಯಮ್ಮ ಸಣ್ಣ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಮರುದಿನ ತೊಳೆದ ಕೈಯ ಫೋಟೊ ಬಂತು. ಹಳದಿ ಕಲೆಯಷ್ಟೇ ಉಳಿದಿತ್ತು, ಪದರ ಹೋಗಿತ್ತು. ‘ನೋಡು, ಏನೂ ಇಲ್ಲ,’ ಎಂದೆ ನಾನು. ‘ಕೆಂಪೂ ಇಲ್ಲ.’

‘ತಾತ, ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗೇ ಕಾಣ್ಬೇಕು ಅಂತ ಇಲ್ಲ. ಬಲಗಡೆ ಸರಪಳಿ ಮೇಲ್ತುದಿ ನೋಡು. ಚರ್ಮದ ಮೇಲೆ ಸಣ್ಣ ಸಣ್ಣ ಗೆರೆ ಇರ್ತಾವಲ್ಲ, ಅವು ಎಲ್ಲಿ?’

ನಾನು ಕನ್ನಡಕ ಹಾಕಿಕೊಂಡೆ. ಅವಳು ಹೇಳಿದ್ದು ನಿಜ. ಉಳಿದ ಕಡೆ ಚರ್ಮ ಎಂದಿನಂತೆ ಸಣ್ಣ ಸುಕ್ಕುಗಳಿಂದ ಕೂಡಿತ್ತು. ಆ ಒಂದು ಕಡೆ ಮಾತ್ರ ಬಲೂನಿನ ಹಾಗೆ ಬಿಗಿದು, ಬೆಳಕು ಅದರ ಮೇಲೆ ಹೊಳೆಯುತ್ತಿತ್ತು. ಬಣ್ಣ ನೇರಳೆಗೆ ತಿರುಗಿತ್ತು. ಫಿಲ್ಮಿನ ಕಾಲದಲ್ಲಿ ಹೊಳಪು ಕಂಡರೆ ನಾವು ಪೌಡರು ಹಚ್ಚಿಸುತ್ತಿದ್ದೆವು. ಇಲ್ಲಿ ಹೊಳಪೇ ಸುದ್ದಿ ಹೇಳುತ್ತಿತ್ತು.

ಅವಳು ದುರ್ಗೇಶನಿಗೆ ಫೋನ್ ಮಾಡಿ ಕೇಳಿದಳು. ‘ನೋವು ಮೊದ್ಲಿಗಿಂತ ಕಮ್ಮಿ ಆಗಿದೆಯಾ, ಜಾಸ್ತಿ ಆಗಿದೆಯಾ? ಇನ್ನೊಂದು ಕೈಯ ಹಿಂಭಾಗದಿಂದ ಮುಟ್ಟಿ ನೋಡು, ಬಿಸಿ ಇದೆಯಾ?’

‘ಮೊದಲ ಕಡಿಮಿ ಇತ್ತು ಅಕ್ಕಾರ, ನಿನ್ನಿಂದ ಬಡಿದಂಗ ನೋಯ್ತದ. ಬಿಸಿ ಅಂದ್ರ… ಸ್ಟೀರಿಂಗ್ ಹಿಡ್ದು ಹಿಡ್ದು ಬಿಸಿ ಆಗಿರ್ಬೇಕ್ರಿ.’

‘ಸ್ಟೀರಿಂಗ್ ಹಿಡಿಯೋದು ಅಂಗೈಲಿ ದುರ್ಗೇಶ, ಮುಂಗೈಲಿ ಅಲ್ಲ. ಒಂದು ಬಾಲ್‌ಪೆನ್ ತಗೋ. ಊದಿರೋದು, ಕಪ್ಪಗಾಗಿರೋದು ಎಲ್ಲಿಗೆ ಮುಗಿಯುತ್ತೋ ಅಲ್ಲಿ ಸುತ್ತಲೂ ಗೆರೆ ಹಾಕು. ಸಂಜೆ ಮತ್ತೆ ಫೋಟೊ ಕಳ್ಸು. ಅದ್ರೊಳಗೆ ಚಳಿ ಜ್ವರ ಬಂದ್ರೆ, ಕೆಂಪು ಗೆರೆ ತೋಳಿನ ಕಡೆ ಏರಿದ್ರೆ, ನನ್ನ ಕೇಳ್ಬೇಡ, ಸೀದಾ ಡಾಕ್ಟ್ರ ಹತ್ರ ಹೋಗು.’

ಸಂಜೆಯ ಫೋಟೊದಲ್ಲಿ ನೀಲಿ ಪೆನ್ನಿನ ಗೆರೆ ಕಾಣಿಸಿತು. ಊತ ಆ ಗೆರೆಯನ್ನು ದಾಟಿ ಮೊಣಕೈ ಕಡೆಗೆ ಬಂದಿತ್ತು. ಅಷ್ಟು ಸಾಕಾಯಿತು ಅವಳಿಗೆ.

‘ಈಗ್ಲೇ ಹೊರಡು,’ ಎಂದಳು.

‘ಲೋಡ್ ಐತ್ರಿ ಅಕ್ಕಾರ. ನಾಳಿಗೆ ನೋಡಾಣ…’

‘ನಾಳೆ ಅಂದ್ರೆ ನಾನೇ ಬಂದು ನಿನ್ನ ಟೆಂಪೊ ಕೀ ಕಿತ್ಕೊಳ್ತೀನಿ.’

ಹೇಳಿ ಸುಮ್ಮನಾಗಲಿಲ್ಲ. ನನ್ನನ್ನೂ ಎಬ್ಬಿಸಿಕೊಂಡು ಆಟೊದಲ್ಲಿ ರಾಮಮೂರ್ತಿ ನಗರಕ್ಕೆ ಹೊರಟಳು. ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ನಿಂತಲ್ಲೇ ನಿಂತಿದ್ದವು. ಅವಳು ಒಂದು ಕಾಲು ಆಟೊದ ಹೊರಗಿಟ್ಟುಕೊಂಡು ಕೂತಿದ್ದಳು, ಅದರಿಂದ ಆಟೊ ಬೇಗ ಹೋಗುತ್ತದೆ ಎಂಬಂತೆ. ದಾರಿಯಲ್ಲೇ ಪ್ರಿಯದರ್ಶಿನಿಗೆ ಆ ಫೋಟೊಗಳನ್ನೆಲ್ಲ ಕಳಿಸಿಬಿಟ್ಟಳು.

‘ಈಗ್ಲೇ ಯಾಕೆ ಕಳ್ಸಿದೆ? ಎಲ್ಲಾ ಸರಿಯಾದ್ಮೇಲೆ ತೋರಿಸ್ಬಹುದಿತ್ತು,’ ಎಂದೆ.

‘ಸ್ಟುಡಿಯೊದಿಂದ ಹೋದ ಕೈ ತಾತ. ಅವ್ರಿಗೆ ಗೊತ್ತಾಗ್ಬೇಕು.’

ಪ್ರಿಯದರ್ಶಿನಿಯಿಂದ ಉತ್ತರ ಬಂತು: ‘ಡಾಕ್ಟರ್ ಫಸ್ಟ್. ಕುರ್ಚಿ ವಿಷಯ ಆಮೇಲೆ.’ ಒಳ್ಳೆಯ ಮಾತೋ ಕೆಟ್ಟ ಮಾತೋ ಯಾರಿಗೆ ತಿಳಿಯಬೇಕು. ತೇಜಶ್ರೀ ಅದನ್ನು ಎಷ್ಟು ಸಲ ಓದಿದಳೋ.

ಅವರ ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಕೈ ಒತ್ತಿ, ಬಿಸಿ ನೋಡಿ, ಜ್ವರ ನೋಡಿ, ‘ಸೋಂಕು ಶುರುವಾಗಿದೆ, ಆದ್ರೆ ಬೇಗ ಬಂದಿದ್ದೀರ,’ ಎಂದರು. ಮಾತ್ರೆ ಕೊಟ್ಟು, ಪೂರ್ತಿ ಮುಗಿಸಬೇಕು, ನಡುವೆ ನಿಲ್ಲಿಸಬಾರದು ಎಂದರು. ಅಯ್ಯಮ್ಮ ಹೊರಗೆ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ತೇಜಶ್ರೀ ಪಕ್ಕದಲ್ಲಿ ಕೂತು ಅವಳ ಹಸಿರು ತೊಟ್ಟಿಲಿನ ಮೇಲೆ ಕೈ ಇಟ್ಟಳು. ಆಮೇಲೆ ಅಯ್ಯಮ್ಮನೇ, ‘ಡಬ್ಬಿ ಮ್ಯಾಲ ಇಟ್ಟೀನವ್ವಾ, ನನ್ನ ಕೈಗೆ ನಿಲುಕದಂಗ,’ ಎಂದಳು.

ಊತ ಇಳಿಯಿತು. ಪೆನ್ನಿನ ಗೆರೆಯೊಳಗೆ ಬಂತು, ಆಮೇಲೆ ಇನ್ನೂ ಒಳಗೆ. ಚರ್ಮ ಬಿಸಿಲಿಗೆ ಸುಟ್ಟವರ ಹಾಗೆ ತೆಳ್ಳಗೆ ಸುಲಿಯಿತು. ಸುಲಿದ ಚೂರುಗಳಲ್ಲಿ ಕಪ್ಪು ಬಣ್ಣ ನೋಡಿ ದುರ್ಗೇಶ ಹೆದರಿ, ‘ಅಕ್ಕಾರ, ತೊಟ್ಲಾ ಎದ್ದು ಹೊಂಟದ!’ ಎಂದು ವಾಯ್ಸ್ ಮೆಸೇಜು ಕಳಿಸಿದ. ಅದು ಮೇಲ್ಪದರದ ಬಣ್ಣ, ಎಲ್ಲರದ್ದೂ ಹಾಗೇ ಹೋಗುತ್ತದೆ ಎಂದು ಇವಳು ಸಮಾಧಾನ ಮಾಡಿದಳು. ಆದರೆ ಆ ಮೇಲ್ತುದಿಯಲ್ಲಿ ಮಾತ್ರ ತೆಳ್ಳನೆಯ ಸುಲಿತವಲ್ಲ, ದಪ್ಪ ಹಕ್ಕಳೆ ಕಟ್ಟಿತ್ತು. ‘ಅದನ್ನ ಕೀಳ್ಬೇಡ, ದೇವ್ರಾಣೆ ಕೀಳ್ಬೇಡ,’ ಎಂದು ದಿನಾ ಹೇಳುತ್ತಿದ್ದಳು. ಅವನು ಕೀಳಲಿಲ್ಲ. ಅದು ತಾನಾಗೇ ಬಿತ್ತು.

ಬಿದ್ದ ಮೇಲಿನ ಫೋಟೊದಲ್ಲಿ ಸರಪಳಿ ಆ ಜಾಗದಲ್ಲಿ ತುಂಡಾಗಿತ್ತು.

‘ಹೊಳಪಿರ್ಬಹುದು,’ ಎಂದೆ. ‘ಕ್ರೀಮು ಹಚ್ಚಿದ ಮೇಲೆ ಫ್ಲಾಶ್ ಬಿದ್ರೆ ಗೆರೆ ಮೇಲೆ ಬಿಳಿ ಕೂರುತ್ತೆ, ಬಣ್ಣ ಇಲ್ಲದ ಹಾಗೆ ಕಾಣುತ್ತೆ. ಕೈ ಒಣಗಿಸಿ, ಪಕ್ಕದಿಂದ ಬೆಳಕು ಬರೋ ಹಾಗೆ ತೆಗೆಯಕ್ಕೆ ಹೇಳು.’

ಹಾಗೇ ತೆಗೆಸಿದಳು. ಹೊಳಪು ಹೋಯಿತು, ತುಂಡು ಹಾಗೇ ಉಳಿಯಿತು. ಆ ಫೋಟೊದಲ್ಲಿ ಇಡೀ ಗೆರೆಯೂ ಮಂಕಾಗಿ, ಅಂಚು ಕರಗಿದ ಹಾಗಿತ್ತು. ತೇಜಶ್ರೀ ಫೋನನ್ನು ನನ್ನ ಕೈಗೇ ಕೊಟ್ಟಳು.

‘ಬ್ಲೋಔಟಾ ತಾತ? ಆಳಕ್ಕೆ ಹೋಗ್ಬಿಟ್ನಾ?’

ಅಲ್ಲಿ ಮಾತ್ರ ನನ್ನ ಹಳೆಯ ಕೆಲಸ ಉಪಯೋಗಕ್ಕೆ ಬಂತು. ‘ಗೆರೆ ನೋಡ್ಬೇಡ. ಪಕ್ಕದಲ್ಲಿರೋ ಕೂದ್ಲು ನೋಡು,’ ಎಂದೆ. ‘ಕೂದ್ಲು ಚೂಪಾಗಿದ್ದು ಗೆರೆ ಮಾತ್ರ ಹರಡಿದ್ರೆ ತಪ್ಪು ನಿನ್ನದು. ಕೂದ್ಲೂ ಮಂಕು, ಗೆರೇನೂ ಮಂಕು ಅಂದ್ರೆ ಫೋಟೊ ತೆಗೆದವರ ಕೈ ಅಲುಗಿದೆ.’

ಕೂದಲೂ ಮಂಕು. ತೆಗೆದವಳು ಅಯ್ಯಮ್ಮ. ಮತ್ತೊಂದು ತೆಗೆಸಿದಾಗ ಕೂದಲು, ರಂಧ್ರ, ಗೆರೆ ಎಲ್ಲ ಚೂಪು. ಹರಡಿರಲಿಲ್ಲ. ಮೇಲೆ ಒಂದು ತೆಳು ಹಾಲಿನ ಪೊರೆಯಂಥ ಹೊಸ ಚರ್ಮ ಇದ್ದಿದ್ದರಿಂದ ಗೆರೆ ಸ್ವಲ್ಪ ಬೂದುಬಣ್ಣವಾಗಿ ಕಂಡಿತ್ತು, ಅಷ್ಟೇ. ಅದು ವಾರಗಳು ಕಳೆದಂತೆ ತಿಳಿಯಾಯಿತು. ತುಂಡು ಮಾತ್ರ ತುಂಡೇ. ಟಚಪ್ ಮಾಡುವಂತಿಲ್ಲ, ನಿಯಮ. ತೇಜಶ್ರೀ ಊಟ ಮಾಡುವಾಗಲೂ ಆ ಫೋಟೊ ನೋಡುತ್ತಿದ್ದಳು. ವೆಂಕಟಮ್ಮ ಒಂದು ದಿನ ಫೋನು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತೋರಿಸುವ ದಿನ ಬಂತು. ನನ್ನನ್ನೂ ಕರೆದುಕೊಂಡು ಹೋದಳು. ಸ್ಟುಡಿಯೊದಲ್ಲಿ ಡೆಟಾಲಿನ ವಾಸನೆಗೂ ಹಸಿರು ಸೋಪಿನ ವಾಸನೆಗೂ ನಡುವಿನ ಏನೋ ವಾಸನೆ. ಮೈಸೂರಿನ ಹುಡುಗ ಆಗಲೇ ತನ್ನ ಫೋಟೊಗಳನ್ನು ತೋರಿಸಿ ಮೂಲೆಯಲ್ಲಿ ಕೂತಿದ್ದ. ಪ್ರಿಯದರ್ಶಿನಿ ತನ್ನ ದೊಡ್ಡ ಪರದೆಯ ಮೇಲೆ ಒಂದು ಫೋಟೊ ತೆರೆದು ನಿಂತಿದ್ದಳು.

‘ಇದು ನಿನ್ನ ದುರ್ಗೇಶ ಬೆಳಿಗ್ಗೆ ನಂಗೇ ಕಳ್ಸಿರೋದು,’ ಎಂದಳು. ‘ಸ್ಟುಡಿಯೊ ನಂಬರ್‌ಗೆ. ಏನೇ ಇದು, ಟ್ಯಾಟೂನಾ, ಸ್ಟಿಕ್ಕರಾ?’

ನಾವು ನೋಡಿದೆವು. ಪರದೆಯ ಮೇಲೆ ದುರ್ಗೇಶನ ಕೈ. ಸರಪಳಿ ಪೂರ್ತಿಯಾಗಿತ್ತು! ತುಂಡು ಇರಲೇ ಇಲ್ಲ. ಗೆರೆ ಕಾಡಿಗೆಯ ಹಾಗೆ ಕಪ್ಪು. ಆದರೆ ಕೈ ಮೇಲೆ ಒಂದು ಕೂದಲಿಲ್ಲ, ಒಂದು ರಂಧ್ರವಿಲ್ಲ, ಸಣ್ಣ ಗೆರೆಗಳಿಲ್ಲ. ಪ್ಲಾಸ್ಟಿಕ್ಕಿನ ಬೊಂಬೆಯ ಕೈ.

‘ನಾನ್ ಮಾಡ್ಸಿಲ್ಲ ಅಕ್ಕ,’ ಎಂದಳು ತೇಜಶ್ರೀ.

‘ಹಂಗಾದ್ರೆ ಯಾರು ಮಾಡ್ಸಿದ್ದು? ಇದು ಒಂದು ಸುಳ್ಳಾದ್ರೆ ಉಳಿದ ಫೋಟೊಗಳನ್ನ ನಾನು ಹೆಂಗೆ ನಂಬ್ಲಿ?’

ದುರ್ಗೇಶನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಹಾಕಿದರು.

‘ಚಂದ ಬಂದೈತಲ್ರಿ ಅಕ್ಕಾರ?’ ಎಂದ ಅವನು, ಖುಷಿಯಿಂದ. ‘ನಮ್ಮ ಓಣ್ಯಾಗ ನಯಾಜ್ ಅದಾನಲ್ರಿ, ಮೊಬೈಲ್ ಅಂಗಡಿ, ಅವನ ಕಡಿಂದ ಕ್ಲೀನ್ ಮಾಡಿಸೀನಿ. ನಿಮಗ ಕುರ್ಚಿ ಸಿಗ್ಲಿ ಅಂತ. ಫ್ರೀ ಮಾಡಿಕೊಟ್ಟಾನ್ರಿ!’

ಮೂಲೆಯಲ್ಲಿದ್ದ ಹುಡುಗ ಕೆಮ್ಮುವ ಹಾಗೆ ಮಾಡಿ ನಕ್ಕ. ಪ್ರಿಯದರ್ಶಿನಿ ಕಣ್ಣು ಮುಚ್ಚಿ ತೆರೆದಳು.

‘ದುರ್ಗೇಶ, ಎಲ್ಲಿದ್ದೀಯ?’

‘ಇಲ್ಲೇ ಕೆ.ಆರ್.ಪುರಂ ಹತ್ರ ರಿ.’

‘ಕೈ ತಗೊಂಡು ಬಾ. ನಯಾಜ್ ಬೇಡ.’

ಅವನು ಬರುವ ತನಕ ತೇಜಶ್ರೀ ಕೂರಲಿಲ್ಲ. ಬಂದಾಗ ಒಬ್ಬನೇ ಬರಲಿಲ್ಲ, ಟೆಂಪೊದ ಮುಂದಿನ ಸೀಟಿನಲ್ಲಿ ಅಯ್ಯಮ್ಮನೂ ಇದ್ದಳು. ಒಳಗೆ ಬಂದವಳೇ ಯಾರು ಯಜಮಾನಿ ಎಂದು ಕೇಳದೆ ಸೀದಾ ಪ್ರಿಯದರ್ಶಿನಿಯ ಮುಂದೆ ನಿಂತಳು.

‘ಅರಿಷಿಣ ಹಚ್ಚಿದ್ದು ನಾನ್ರಿ. ಹುಡುಗೀದು ತಪ್ಪಿಲ್ಲ. ಬೈಯೂದಿದ್ರ ನನಗ ಬೈರಿ.’

‘ಕೂತ್ಕೊಳ್ಳಿ ಅಮ್ಮ. ನಾನು ಯಾರನ್ನೂ ಬೈಯ್ಯಲ್ಲ, ಕೈ ನೋಡ್ಬೇಕು ಅಷ್ಟೇ.’

ಪ್ರಿಯದರ್ಶಿನಿ ದುರ್ಗೇಶನ ಕೈಯನ್ನು ಮೇಜಿನ ಮೇಲೆ ಮಲಗಿಸಿ, ದೀಪವನ್ನು ಪಕ್ಕಕ್ಕೆ ತಗ್ಗಿಸಿದಳು. ಭೂತಗನ್ನಡಿ ಹಿಡಿದು ತೊಟ್ಟಿಲಿನ ಅಡಿಯಿಂದ ಶುರು ಮಾಡಿದಳು. ಬೆರಳಿಂದ ಗೆರೆಯ ಮೇಲೆ ಸವರಿದಳು, ಚರ್ಮ ಉಬ್ಬಿದೆಯೋ ಎಂದು. ಉಬ್ಬಿರಲಿಲ್ಲ. ಚರ್ಮವನ್ನು ಅತ್ತ ಇತ್ತ ಎಳೆದಳು. ತುಂಡಾದ ಜಾಗದಲ್ಲಿ ನಿಂತಳು. ಆಮೇಲೆ ತೇಜಶ್ರೀ ಕಳಿಸಿದ್ದ ಫೋಟೊಗಳನ್ನು ಪರದೆಯ ಮೇಲೆ ತೆರೆದು ಒಂದೊಂದಾಗಿ ನೋಡಿದಳು. ಹಳದಿ ಕೈ, ತೊಳೆದ ಕೈ, ಪೆನ್ನಿನ ಗೆರೆ, ದಾಟಿದ ಊತ, ಇಳಿದ ಊತ, ಹಕ್ಕಳೆ, ಹಕ್ಕಳೆ ಬಿದ್ದದ್ದು. ಪ್ರತಿ ಸಲವೂ ಪರದೆಯಿಂದ ಕೈಗೆ, ಕೈಯಿಂದ ಪರದೆಗೆ. ಅಯ್ಯಮ್ಮನಿಗೆ ತಡೆಯಲಾಗಲಿಲ್ಲ, ‘ಇಷ್ಟ ಹೊತ್ತು ಹೆಣ್ಣು ನೋಡಾಕ ಬಂದೋರೂ ನೋಡೂದಿಲ್ಲ,’ ಎಂದು ನನ್ನ ಕಿವಿಯಲ್ಲಿ ಹೇಳಿದಳು.

‘ಕೈ ತಪ್ಪಿಲ್ಲ ಇಲ್ಲಿ,’ ಎಂದಳು ಕೊನೆಗೆ ಪ್ರಿಯದರ್ಶಿನಿ. ‘ತುಂಡಾಗಿರೋದ್ರ ಎರಡೂ ಕಡೆ ಗೆರೆ ಒಂದೇ ದಪ್ಪ. ಹರಡಿಲ್ಲ. ಮೇಲೆ ಮೇಲೆ ಎಳೆದಿದ್ರೆ ಇಡೀ ಸರಪಳಿ ಅಲ್ಲಲ್ಲಿ ಹೋಗ್ತಿತ್ತು. ಹಕ್ಕಳೆ ಎಲ್ಲಿತ್ತೋ ಅಲ್ಲಷ್ಟೇ ಹೋಗಿದೆ. ಬಣ್ಣ ತಗೊಂಡು ಹೋಗಿರೋದು ಸೋಂಕು, ನೀನಲ್ಲ.’

ತೇಜಶ್ರೀ ಉಸಿರು ಬಿಟ್ಟಳು.

‘ನಿಲ್ಲು. ಮುಗೀಲಿಲ್ಲ. ಇಲ್ಲಿ, ತೊಟ್ಟಿಲು ತಿರುಗೋ ಕಡೆ, ಇದನ್ನ ನೋಡಿದ್ಯಾ? ಗೆರೆ ದಪ್ಪ ಆಗಿದೆ. ನಿಧಾನ ಮಾಡಿದ್ದೀಯ ಇಲ್ಲಿ. ಭಯ ಆಯ್ತಾ?’

ಯಾರಿಗೂ ಕಂಡಿರಲಿಲ್ಲ ಅದು. ನನಗೂ ಇಲ್ಲ, ನನ್ನ ಕನ್ನಡಕಕ್ಕೂ ಇಲ್ಲ. ತುಂಡನ್ನೇ ನೋಡಿ ನೋಡಿ ಉಳಿದಿದ್ದನ್ನು ನೋಡುವುದೇ ಬಿಟ್ಟಿದ್ದೆವು. ತೇಜಶ್ರೀ ಬಗ್ಗಿ ನೋಡಿ, ‘ಹೂಂ ಅಕ್ಕ,’ ಎಂದಳು. ‘ಅಲ್ಲಿ ಭಯ ಆಯ್ತು. ಕೈ ನಿಂತೋಯ್ತು.’

‘ಸರಿ. ಚರ್ಮ ಪೂರ್ತಿ ಕೂತಿದೆ ಈಗ. ತುಂಡಾಗಿರೋ ಜಾಗ ತುಂಬು. ನನ್ನ ಮುಂದೆ. ಹಳೇ ಗೆರೆ ಪಕ್ಕ ಹೊಸ ಗೆರೆ ಕಾಣಂಗಿಲ್ಲ. ತಿರುವನ್ನ ಮುಟ್ಬೇಡ, ಅದು ಹಂಗೇ ಇರ್ಲಿ, ನಿಂಗೆ ನೆನಪಿಗೆ. ಇದು ವಾಸಿಯಾದ ಫೋಟೊ ನೋಡಿದ್ಮೇಲೇ ಕುರ್ಚಿ.’

ತೇಜಶ್ರೀ ಕೈ ತೊಳೆದು ಗ್ಲೌಸು ಹಾಕಿಕೊಂಡಳು. ಹೊಸ ಸೂಜಿಯ ಪೊಟ್ಟಣ ಒಡೆದಳು. ದುರ್ಗೇಶ ‘ಸಾವಕಾಶ ಅಕ್ಕಾರ’ ಎಂದು ಕಣ್ಣು ಮುಚ್ಚಿಕೊಂಡ. ಮಷೀನು ಜೇನಿನ ಹಾಗೆ ಗುಂಯ್ ಎಂದಿತು. ಚರ್ಮವನ್ನು ಎಡಗೈಯಿಂದ ಹಿಗ್ಗಿಸಿ, ತುಂಡಿನ ಮೇಲಿನ ಗೆರೆಯಿಂದಲೇ ಶುರು ಮಾಡಿ ಕೆಳಗಿನ ಗೆರೆಯೊಳಕ್ಕೆ ಇಳಿದಳು. ಅಷ್ಟೇ. ನಾನು ಒಂದು ಸಲ ಉಸಿರು ಎಳೆದು ಬಿಡುವುದರೊಳಗೆ ಮುಗಿದಿತ್ತು. ಮೂಲೆಯ ಹುಡುಗ ಹತ್ತಿರ ಬಂದು ನೋಡಿ, ‘ಜಾಯಿಂಟು ಕಾಣ್ತಿಲ್ಲ ಗುರು,’ ಎಂದ. ಒಳ್ಳೆಯ ಹುಡುಗ ಅವನು, ನಾನು ಸುಮ್ಮನೆ ಅವನ ಮೇಲೆ ಕೋಪ ಇಟ್ಟುಕೊಂಡಿದ್ದೆ.

ಮತ್ತೆ ಕಾಯುವುದು. ಮತ್ತೆ ಬೆಳಿಗ್ಗೆ ಬೆಳಿಗ್ಗೆ ಫೋಟೊ. ಈ ಸಲ ಅಯ್ಯಮ್ಮ ಸ್ವತಃ ಕಾವಲು ನಿಂತಳು. ದುರ್ಗೇಶ ಹುಚ್ಚು ತುರಿಕೆಗೆ ಕೈ ಎತ್ತಿದರೆ ಕೈಗೇ ಬಡಿಯುತ್ತಿದ್ದಳಂತೆ. ಓಣಿಯಲ್ಲಿ ಯಾರೋ ಮತ್ತೆ ಅರಿಶಿನದ ಮಾತೆತ್ತಿದ್ದಕ್ಕೆ, ‘ಸಾರಿಗೆ ಹಾಕು, ಹಸಿ ಚರ್ಮಕ್ಕ ಬ್ಯಾಡ,’ ಎಂದು ಅವಳೇ ಬುದ್ಧಿ ಹೇಳಿದಳಂತೆ.

ಕೊನೆಯ ಫೋಟೊ ಬಂತು. ಒಂದು ಕೈಯ ಫೋಟೊ ಕೇಳಿದರೆ ಎರಡು ಕೈ ಬಂದಿದ್ದವು. ಬಾಗಿಲಿನ ಬೆಳಕಿನಲ್ಲಿ, ಹೊಸ್ತಿಲ ಮೇಲೆ, ತಾಯಿಯ ಮುಂಗೈ ಮತ್ತು ಮಗನ ಮುಂಗೈ ಅಕ್ಕಪಕ್ಕ. ಒಂದರಲ್ಲಿ ಹರಡಿದ ಹಸಿರು ತೊಟ್ಟಿಲು, ಇನ್ನೊಂದರಲ್ಲಿ ಚೂಪಾದ ಕಪ್ಪು ತೊಟ್ಟಿಲು. ತೇಜಶ್ರೀ ಮೊದಲು ಕೂದಲು ನೋಡಿದಳು. ಕೂದಲು ಚೂಪು. ಆಮೇಲೆ ಸರಪಳಿ ನೋಡಿದಳು. ಎಲ್ಲಿ ತುಂಡಾಗಿತ್ತು ಎಂದು ನಾನು ಹುಡುಕಬೇಕಾಯಿತು. ಸಿಗಲಿಲ್ಲ.

ಪ್ರಿಯದರ್ಶಿನಿಗೆ ಕಳಿಸಿದಳು. ಉತ್ತರ ಬರುವಷ್ಟರಲ್ಲಿ ವೆಂಕಟಮ್ಮ ಕಾಫಿ ಮಾಡಿ ತಂದಿದ್ದಳು.

‘ಸೋಮವಾರದಿಂದ ಕಿಟಕಿ ಪಕ್ಕದ ಕುರ್ಚಿ ನಿಂದು. ಆ ಅಮ್ಮನ ಕೈ ಮೇಲಿರೋ ತೊಟ್ಟಿಲನ್ನೂ ಒಂದು ದಿನ ಹೊಸದಾಗಿ ಎಳೀಬೇಕು ಅನ್ಸುತ್ತೆ, ಅವ್ರು ಒಪ್ಪಿದ್ರೆ.’

ಅಯ್ಯಮ್ಮನನ್ನು ಕೇಳಿದರೆ ಏನೆಂದಳು ಗೊತ್ತಾ? ‘ಬ್ಯಾಡವ್ವಾ. ನಂದು ಹಿಂಗ ಇರ್ಲಿ. ಚಂದ ಬೇಕಂದಾಗ ಮಗನ ಕೈ ನೋಡ್ಕೋತೀನಿ.’ ವೆಂಕಟಮ್ಮ ಇದನ್ನು ಕೇಳಿ, ಕಾಫಿ ಲೋಟ ಕೆಳಗಿಟ್ಟು, ತೇಜಶ್ರೀಯ ತೊಡೆಯ ಮೇಲಿನ ಗೆರೆಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ‘ಇದು ಯಾವ ಹೂವೇ?’ ಎಂದು ಕೇಳಿದಳು. ಅವಳು ಹೇಳಿದಳು. ‘ಪರ್ವಾಗಿಲ್ಲ ಬಿಡು,’ ಎಂದಳು ವೆಂಕಟಮ್ಮ.

ಇಷ್ಟೇ ನೋಡ್ರಪ್ಪಾ. ಫೋಟೊ ಬೇಕಾದವರು ಕೇಳಿ, ಕಳಿಸುತ್ತೇನೆ, ನಯಾಜ್ ಮುಟ್ಟದೇ ಇರುವುದನ್ನು. ಇನ್ನು ಒಂದು ಕೆಲಸ ಮಾಡಿ. ನಿಮ್ಮ ಮನೆಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಯಾರಾದರೂ ಟ್ಯಾಟೂ ಹಾಕಿಸಿಕೊಂಡು ಬಂದರೆ ಮೊದಲು ಬಯ್ದು ಮುಗಿಸಿ. ಆಮೇಲೆ ಈ ನೋಟನ್ನು ಅವರಿಗಲ್ಲ, ಅವರ ಅಜ್ಜಿಯರಿಗೆ ಕಳಿಸಿ. ಅರಿಶಿನದ ಡಬ್ಬಿ ಇರುವುದು ಅವರ ಕೈಯಲ್ಲಿ.